ಮಗುವಿನ ಎದೆಯಲ್ಲಿ ಗುಯ್ ಸದ್ದು: ಶೀತದ ವೀಸಿಂಗ್ ಯಾವುದು, ಆಸ್ತಮಾ ಯಾವುದು, ದಿನಾ ಪಫ್ ಯಾರಿಗೆ?

ಜೂನ್‌ನಲ್ಲಿ ಅಂಗನವಾಡಿ, ನರ್ಸರಿ ಶುರುವಾಗಿ ಎರಡು ಮಳೆ ಬಿದ್ದರೆ ಸಾಕು, ಮಂಡ್ಯದ ನಮ್ಮ ಕ್ಲಿನಿಕ್ಕಿನ ಬೆಂಚು ತುಂಬಿಹೋಗುತ್ತದೆ. ಮೂಗಲ್ಲಿ ಸಿಂಬಳ, ಎದೆಯಲ್ಲಿ ಗುಯ್ ಸದ್ದು, ಅಮ್ಮನ ಕೈಯಲ್ಲಿ ಹಳೆಯ ಚೀಟಿಗಳ ಕಟ್ಟು. ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಹೊರಗೆ ಇಪ್ಪತ್ತು ಜನ ಕಾಯುತ್ತಿರುವಾಗ ಎಲ್ಲಕ್ಕೂ ನೆಟ್ಟಗೆ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಇದು ಒಂದು ವರ್ಷ ತುಂಬಿದ, ಐದು ದಾಟದ ಮಕ್ಕಳ ವಿಷಯ. ಅದಕ್ಕಿಂತ ಚಿಕ್ಕ ಕೂಸುಗಳ ಲೆಕ್ಕ ಬೇರೆ.

ಬರುತ್ತಿರುವುದು ವೀಸಿಂಗೇ ಅಂತ ಹೇಗೆ ಗೊತ್ತಾಗುತ್ತದೆ?

ಇದನ್ನು ಮೊದಲು ಬಗೆಹರಿಸಿಕೊಳ್ಳಬೇಕು. ಏಕೆಂದರೆ ಮನೆಯವರು "ವೀಸಿಂಗ್" ಅಂತ ಹೇಳುವುದರಲ್ಲಿ ಎಷ್ಟೋ ಸಲ ವೀಸಿಂಗ್ ಇರುವುದೇ ಇಲ್ಲ. ಗಂಟಲಲ್ಲೋ ಮೂಗಲ್ಲೋ ಕಫ ನಿಂತು ಗೊರಗೊರ ಅನ್ನುವುದು ಒಂದು. ಬೆನ್ನ ಮೇಲೆ ಕೈಯಿಟ್ಟರೆ ಆ ಕಂಪನ ಅಂಗೈಗೆ ಸಿಗುತ್ತದೆ, ಮಗು ಕೆಮ್ಮಿದರೆ ಸದ್ದು ಬದಲಾಗುತ್ತದೆ. ಉಸಿರು ಒಳಗೆ ಎಳೆಯುವಾಗ ಗಂಟಲಲ್ಲಿ ಕೊರ್ ಅನ್ನುವುದು ಇನ್ನೊಂದು. ವೀಸಿಂಗ್ ಇವೆರಡೂ ಅಲ್ಲ. ಅದು ಉಸಿರು ಹೊರಗೆ ಬಿಡುವಾಗ ಎದೆಯಿಂದ ಬರುವ ಸಣ್ಣ ಗುಯ್ ಸದ್ದು, ಸಿಳ್ಳೆ ಹೊಡೆದ ಹಾಗೆ. ಜೊತೆಗೆ ಉಸಿರು ಬಿಡುವ ಹೊತ್ತು ಉದ್ದವಾಗುತ್ತದೆ, ಹೊಟ್ಟೆ ಬಿಗಿಯುತ್ತದೆ.

ನಾನು ಎಲ್ಲರಿಗೂ ಹೇಳುವುದು ಒಂದೇ: ಸದ್ದು ಬಂದಾಗ ಮಗುವಿನ ಅಂಗಿ ತೆಗೆದು, ಟಿವಿ ಆರಿಸಿ, ಫೋನಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿ. ಕ್ಲಿನಿಕ್ಕಿಗೆ ಬರುವಷ್ಟರಲ್ಲಿ ಸದ್ದು ಹೋಗಿರುತ್ತದೆ. ವಿಡಿಯೊ ಹೋಗಿರುವುದಿಲ್ಲ.

ಶೀತ ಆದಾಗಲೆಲ್ಲ ಬರುತ್ತದೆ. ಹಾಗಾದರೆ ಆಸ್ತಮಾ ತಾನೇ?

ಅಷ್ಟರಿಂದಲೇ ಅಲ್ಲ. ಈ ವಯಸ್ಸಿನ ಮಕ್ಕಳ ಉಸಿರುನಳಿಕೆ ತುಂಬಾ ಸಣ್ಣದು. ದೊಡ್ಡವರಲ್ಲಿ ಬರೀ ನೆಗಡಿಯಾಗಿ ಹೋಗುವ ವೈರಸ್ಸು ಇವರಲ್ಲಿ ನಳಿಕೆಯ ಒಳಗೋಡೆಯನ್ನು ಸ್ವಲ್ಪ ಊದಿಸಿದರೂ ಗಾಳಿಯ ದಾರಿ ಅರ್ಧಕ್ಕರ್ಧ ಕಿರಿದಾಗುತ್ತದೆ, ಸದ್ದು ಬರುತ್ತದೆ. ಅಂಗನವಾಡಿಗೆ ಹೋಗುವ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಸಲ ಶೀತ ಬರುವುದು ಮಾಮೂಲಿ. ಅದರಲ್ಲಿ ಮೂರು ನಾಲ್ಕು ಎದೆಗಿಳಿಯಬಹುದು.

ಅಮೆರಿಕದ ಟೂಸಾನ್ ಊರಿನಲ್ಲಿ 1980ರಿಂದ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ ಲೆಕ್ಕ ಇಟ್ಟರು. ಮೂರು ವರ್ಷದೊಳಗೆ ಮೂರರಲ್ಲಿ ಒಂದು ಮಗುವಿಗೆ ಒಮ್ಮೆಯಾದರೂ ವೀಸಿಂಗ್ ಬಂದಿತ್ತು. ಅವರಲ್ಲಿ ನೂರಕ್ಕೆ ಸುಮಾರು 60 ಮಕ್ಕಳಿಗೆ ಆರು ವರ್ಷದ ಹೊತ್ತಿಗೆ ಅದು ನಿಂತೇಹೋಗಿತ್ತು. ಉಳಿದವರಲ್ಲಿ ಮುಂದುವರಿಯಿತು. ನಿಮ್ಮ ಮಗು ಆ 60ರಲ್ಲೋ, ಉಳಿದ 40ರಲ್ಲೋ ಎಂಬುದೇ ಇಡೀ ಪ್ರಶ್ನೆ. ಮೊದಲ ಸಲದ ವೀಸಿಂಗ್ ನೋಡಿ ಅದನ್ನು ಯಾರೂ ಹೇಳಲು ಆಗದು.

ಮತ್ತೆ ಎರಡನ್ನೂ ಹೇಗೆ ಬೇರೆ ಮಾಡುತ್ತೀರಿ?

ವೀಸಿಂಗ್ ಬಂದ ದಿನಗಳನ್ನು ನೋಡಿ ಅಲ್ಲ. ಆ ದಿನಗಳಲ್ಲಿ ಎಲ್ಲ ಮಕ್ಕಳೂ ಒಂದೇ ಥರ ಕಾಣುತ್ತಾರೆ. ನಾನು ಕೇಳುವುದು ಎರಡು ಶೀತಗಳ ನಡುವಿನ ದಿನಗಳ ಬಗ್ಗೆ. ನೆಗಡಿ ಏನೂ ಇಲ್ಲದಿದ್ದಾಗ ರಾತ್ರಿ ಎರಡು ಮೂರು ಗಂಟೆಗೆ ಕೆಮ್ಮಿ ಏಳುತ್ತಾನಾ? ಓಡಿದರೆ, ಜೋರಾಗಿ ನಕ್ಕರೆ, ಅತ್ತರೆ ಕೆಮ್ಮು ಬರುತ್ತಾ? ಹೊಗೆಗೆ, ಧೂಳಿಗೆ ಬರುತ್ತಾ? ಬೇರೆ ಮಕ್ಕಳ ಜೊತೆ ಆಡುವಾಗ ಮಧ್ಯದಲ್ಲೇ ಬಂದು ಕೂರುತ್ತಾಳಾ?

ಇಬ್ಬರು ಮಕ್ಕಳನ್ನು ಪಕ್ಕಪಕ್ಕ ಇಟ್ಟು ಹೇಳುತ್ತೇನೆ. ಗುರುತು ಸಿಗದಂತೆ ವಿವರ ಸ್ವಲ್ಪ ಬದಲಿಸಿದ್ದೇನೆ.

ಒಬ್ಬಳು ಮೈಸೂರಿನ ಹುಡುಗಿ, ಎರಡು ವರ್ಷ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮಗು ಡೇಕೇರಿನಲ್ಲಿ. ಜೂನ್‌ನಿಂದ ಜನವರಿವರೆಗೆ ನಾಲ್ಕು ಸಲ ವೀಸಿಂಗ್. ನಾಲ್ಕೂ ಸಲ ಮೊದಲು ಮೂಗು ಸೋರಿದೆ, ಮಾರನೇ ದಿನ ಎದೆ ಗುಯ್ ಅಂದಿದೆ, ನಾಲ್ಕೈದು ದಿನದಲ್ಲಿ ಹೋಗಿದೆ. ನಡುವೆ? "ಏನೂ ಇಲ್ಲ ಸಾರ್, ಮನೆ ತಲೆಕೆಳಗು ಮಾಡ್ತಾಳೆ." ಮೈಮೇಲೆ ಗಂಧೆ, ತುರಿಕೆ ಇಲ್ಲ. ಮನೆಯಲ್ಲಿ ಯಾರಿಗೂ ದಮ್ಮಿಲ್ಲ.

ಇನ್ನೊಬ್ಬ ಮದ್ದೂರಿನ ಕಡೆಯ ಹುಡುಗ. ಮೂರು ವರ್ಷ ಎರಡು ತಿಂಗಳು, ತೂಕ 14 ಕೆ.ಜಿ. ನವೆಂಬರಿನಲ್ಲಿ ಬಂದರು. ಅವನ ಅಮ್ಮ ಗೊಬ್ಬರದಂಗಡಿಯವರು ಕೊಟ್ಟ ಗೋಡೆ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಿದ್ದರು. ಅದರಲ್ಲಿ ಕುಂಕುಮದ ಬೊಟ್ಟು ಇಟ್ಟಿದ್ದು ವೀಸಿಂಗ್ ಬಂದ ದಿನ. ಪೆನ್ನಿನ ಗೀಟು ರಾತ್ರಿ ಕೆಮ್ಮಿ ಎದ್ದ ದಿನ. ಜೂನ್‌ನಿಂದ ಕುಂಕುಮದ ಗುಂಪು ಆರು. ಆಗಸ್ಟಿನಲ್ಲಿ ಎರಡು ರಾತ್ರಿ ಆಸ್ಪತ್ರೆ. ಮೂರು ಸಲ ಸ್ಟಿರಾಯ್ಡ್ ಸಿರಪ್ಪು. ಆದರೆ ನನ್ನ ಕಣ್ಣು ಹೋದದ್ದು ಗೀಟುಗಳ ಕಡೆಗೆ. ನೆಗಡಿ ಇಲ್ಲದ ವಾರಗಳಲ್ಲೂ ವಾರಕ್ಕೆ ಎರಡು ಗೀಟು. ಟ್ರ್ಯಾಕ್ಟರ್ ಹಿಂದೆ ಓಡಿದರೆ ಕೆಮ್ಮಿ ನಿಲ್ಲುತ್ತಾನಂತೆ. ಮೊಣಕೈ ಮಡಿಕೆಯಲ್ಲಿ ಒರಟಾದ ತುರಿಕೆ. ಅಮ್ಮನಿಗೂ ಚಿಕ್ಕಂದಿನಿಂದ ದಮ್ಮು.

ಸಲಗಳ ಲೆಕ್ಕ ನೋಡಿದರೆ ನಾಲ್ಕು ಮತ್ತು ಆರು, ಅಂಥ ದೊಡ್ಡ ವ್ಯತ್ಯಾಸವಲ್ಲ. ವ್ಯತ್ಯಾಸ ಇರುವುದು ನಡುವಿನ ದಿನಗಳಲ್ಲಿ, ಚರ್ಮದಲ್ಲಿ, ಅಮ್ಮನ ಕಥೆಯಲ್ಲಿ. ಹುಡುಗಿಯದು ವೈರಸ್ಸಿನ ವೀಸಿಂಗ್. ಹುಡುಗನದು ಆಸ್ತಮಾ ಇರಬಹುದು, ಪರೀಕ್ಷಿಸಿ ನೋಡಬೇಕು.

ಎಲ್ಲ ಮಕ್ಕಳೂ ಹೀಗೆ ಎರಡು ಬುಟ್ಟಿಯಲ್ಲಿ ಸಲೀಸಾಗಿ ಕೂರುವುದಿಲ್ಲ ಎಂಬುದೂ ನಿಜ. ಈ ವರ್ಷ ಬರೀ ಶೀತಕ್ಕೆ ಬರುತ್ತಿದ್ದದ್ದು ಮುಂದಿನ ವರ್ಷ ಓಡಿದರೂ ಬರಬಹುದು. ತಿರುವು ಮುರುವೂ ಆಗುತ್ತದೆ. ಅದಕ್ಕೇ ಕ್ಯಾಲೆಂಡರ್ ನಿಲ್ಲಿಸಬೇಡಿ ಅನ್ನುವುದು.

ಒಂದು ರಕ್ತ ಪರೀಕ್ಷೆ ಮಾಡಿ ಹೇಳಿಬಿಡಬಹುದಲ್ವಾ?

ಆಗಿದ್ದರೆ ನನಗೂ ಸುಖವಿತ್ತು. ದೊಡ್ಡವರಿಗೆ ಊದಿಸಿ ಮಾಡುವ ಪರೀಕ್ಷೆ ಐದು ವರ್ಷದೊಳಗಿನ ಮಕ್ಕಳ ಕೈಲಿ ಸರಿಯಾಗಿ ಆಗುವುದಿಲ್ಲ. ಆಸ್ತಮಾಗೆ ಅಂತಲೇ ಬೇರೆ ರಕ್ತ ಪರೀಕ್ಷೆ ಇಲ್ಲ. ಸ್ವಲ್ಪ ಸುಳಿವು ಕೊಡುವುದು ಇಯೊಸಿನೊಫಿಲ್ ಅನ್ನುವ ಬಿಳಿರಕ್ತಕಣದ ಎಣಿಕೆ. ಅದು 300 ದಾಟಿದ್ದು, ಧೂಳಿನ ನುಸಿಯಂಥದ್ದಕ್ಕೆ ಅಲರ್ಜಿಯೂ ಇದ್ದರೆ, ದಿನಾ ಎಳೆದುಕೊಳ್ಳುವ ಔಷಧಿ ಆ ಮಗುವಿಗೆ ಕೆಲಸ ಮಾಡುವ ಸಂಭವ ಜಾಸ್ತಿ ಎಂದು 2016ರಲ್ಲಿ ಬಂದ ಅಧ್ಯಯನವೊಂದು ತೋರಿಸಿತು.

ನಮ್ಮ ಕಡೆ ಇದರಲ್ಲೊಂದು ತೊಡಕಿದೆ. ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಈ ಕಣ ಏರುತ್ತದೆ. ಬರಿಗಾಲಲ್ಲಿ ಗದ್ದೆ ಬದುವಿನ ಮೇಲೆ ಓಡಾಡುವ ಮಗುವಿನ ರಿಪೋರ್ಟ್ ನೋಡಿ ಅಷ್ಟರಿಂದಲೇ ಆಸ್ತಮಾ ಅನ್ನಬಾರದು. ಆ ಹುಡುಗನದು 620 ಇತ್ತು. ಆಗಸ್ಟಿನಲ್ಲಿ ಅಂಗನವಾಡಿಯಲ್ಲೇ ಜಂತುಹುಳು ಮಾತ್ರೆ ಕೊಟ್ಟಿದ್ದರು, ಹಾಗಾಗಿ ಈ ಎಣಿಕೆಗೆ ಸ್ವಲ್ಪ ಬೆಲೆ ಕೊಟ್ಟೆ. ಅರವತ್ತು ತಿಂಡಿಗಳ ಹೆಸರಿರುವ ಅಲರ್ಜಿ ಪಟ್ಟಿ ಮಾಡಿಸಿಕೊಂಡು ಬಂದು "ಇದರಲ್ಲಿ ಯಾವುದು ಬಿಡಿಸಲಿ" ಅಂತ ಕೇಳುವವರೂ ಇದ್ದಾರೆ. ವೀಸಿಂಗ್ ವಿಷಯಕ್ಕೆ ಆ ಪಟ್ಟಿ ದುಡ್ಡು ದಂಡ.

ಎಕ್ಸ್‌ರೇ ಪ್ರತಿ ಸಲವೂ ಬೇಡ. ಕಥೆ ಎಲ್ಲೋ ಹೊಂದುತ್ತಿಲ್ಲ ಅನಿಸಿದಾಗ ಮಾತ್ರ.

ಕಥೆ ಹೊಂದುತ್ತಿಲ್ಲ ಅಂದರೆ?

ಒಂದು ಸಂಜೆ ಚೆನ್ನಾಗಿ ಆಡುತ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ಕೆಮ್ಮಿ, ಮುಖ ಕೆಂಪಾಗಿ, ಆಮೇಲೆ ಒಂದೇ ಪಕ್ಕದ ಎದೆಯಲ್ಲಿ ಸದ್ದು ಉಳಿದರೆ ಅದು ಶೀತವೂ ಅಲ್ಲ, ಆಸ್ತಮಾವೂ ಅಲ್ಲ. ಕಡಲೆಕಾಯಿ ಬೀಜ. ಸುಗ್ಗಿ ಸಮಯ, ಸಂಕ್ರಾಂತಿಯ ಎಳ್ಳುಬೆಲ್ಲದ ಸಮಯದಲ್ಲಿ ನಾನು ಇದನ್ನು ತಪ್ಪದೆ ಕೇಳುತ್ತೇನೆ. ಬೀಜ ನಳಿಕೆಯಲ್ಲಿ ಸಿಕ್ಕಿದ್ದರೆ ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಎಕ್ಸ್‌ರೇ ಸರಿಯಾಗಿಯೇ ಇದ್ದರೂ ಆ ಕೆಮ್ಮಿನ ಕಥೆ ಗಟ್ಟಿಯಿದ್ದರೆ ನಳಿಕೆಯೊಳಗೆ ದುರ್ಬೀನು ಹಾಕಿ ನೋಡಿಸಲೇಬೇಕು.

ಹುಟ್ಟಿದ ವಾರದಿಂದಲೇ ಸದ್ದು ಇದ್ದರೆ, ತೂಕ ಏರದಿದ್ದರೆ, ಹಾಲು ಕುಡಿಯುವಾಗಲೆಲ್ಲ ಕೆಮ್ಮಿದರೆ, ನಾಲ್ಕು ವಾರ ದಾಟಿಯೂ ಒದ್ದೆ ಕೆಮ್ಮು ಹೋಗದಿದ್ದರೆ, ಬೆರಳ ತುದಿ ಉಬ್ಬಿದ್ದರೆ ಬೇರೆ ಕಾರಣ ಹುಡುಕಬೇಕು. ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ದಿನಾ ಪಫ್ ಯಾವ ಮಗುವಿಗೆ ಬೇಕು?

ಎರಡು ಥರದ ಇನ್ಹೇಲರ್ ಇದೆ, ಮೊದಲು ಅದು ಗೊತ್ತಿರಲಿ. ಸಾಲ್ಬುಟಮಾಲ್ ಎಂದು ಬರೆದಿರುವುದು ಆ ಹೊತ್ತಿಗೆ ನಳಿಕೆ ಸಡಿಲ ಮಾಡುವುದು. ಇದು ಎರಡೂ ಥರದ ಮಕ್ಕಳಿಗೆ ಬೇಕು, ಸದ್ದು ಇದ್ದಾಗ ಮಾತ್ರ. ಬುಡೆಸೊನೈಡ್, ಫ್ಲೂಟಿಕಾಸೋನ್ ಎಂದು ಬರೆದಿರುವುದು ಊತ ಇಳಿಸುವುದು. ಅದು ನಿಧಾನಕ್ಕೆ ವಾರಗಟ್ಟಲೆ ಕೆಲಸ ಮಾಡುತ್ತದೆ. ದಿನಾ ಕೊಡುವ ಕಂಟ್ರೋಲರ್ ಎಂದರೆ ಇದು. ಮುಚ್ಚಳದ ಬಣ್ಣ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹೆಸರು ಓದಿ.

ಕಂಟ್ರೋಲರ್ ಶುರು ಮಾಡಲು ನನ್ನ ಲೆಕ್ಕ ಹೀಗಿದೆ. ಶೀತ ಇಲ್ಲದ ದಿನಗಳಲ್ಲೂ ಕೆಮ್ಮು, ಸದ್ದು ಇದ್ದರೆ ಶುರು ಮಾಡುತ್ತೇನೆ. ನಡುವೆ ಚೆನ್ನಾಗಿದ್ದರೂ ಬರುವ ಪ್ರತಿ ಸಲವೂ ಆಸ್ಪತ್ರೆಗೆ ಸೇರಿಸುವಷ್ಟು, ಸ್ಟಿರಾಯ್ಡ್ ಸಿರಪ್ಪು ಕುಡಿಸುವಷ್ಟು ಜೋರಿದ್ದು, ವರ್ಷಕ್ಕೆ ಮೂರು ನಾಲ್ಕು ಸಲ ಹಾಗಾದರೆ ಆಗಲೂ ಶುರು ಮಾಡುತ್ತೇನೆ. ಮೈಸೂರಿನ ಹುಡುಗಿಯ ಹಾಗೆ ಸಣ್ಣದಾಗಿ ಬಂದು ಸಣ್ಣದಾಗಿ ಹೋಗಿ, ನಡುವೆ ಆರಾಮಾಗಿರುವ ಮಗುವಿಗೆ ಕೊಡುವುದಿಲ್ಲ. ಸಾಲ್ಬುಟಮಾಲ್ ಮತ್ತು ಸ್ಪೇಸರ್, ಅಂದರೆ ಇನ್ಹೇಲರಿಗೂ ಮಗುವಿನ ಬಾಯಿಗೂ ನಡುವೆ ಹಿಡಿಯುವ ಪ್ಲಾಸ್ಟಿಕ್ ಕೊಳವೆ, ಮನೆಯಲ್ಲಿಟ್ಟುಕೊಂಡರೆ ಅವಳಿಗೆ ಸಾಕು. ಅವಳಿಗೆ ನಾಲ್ಕು ತುಂಬುವ ಹೊತ್ತಿಗೆ ವೀಸಿಂಗ್ ನಿಂತೇಹೋಯಿತು.

"ಈಗಲೇ ಕೊಟ್ಟುಬಿಟ್ಟರೆ ಮುಂದೆ ಆಸ್ತಮಾ ಬರದ ಹಾಗೆ ತಡೆಯಬಹುದಲ್ವಾ?" ಎಂದು ಓದಿಕೊಂಡ ಅಪ್ಪಂದಿರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. 2006ರಲ್ಲಿ ಪ್ರಕಟವಾದ ಪೀಕ್ ಎಂಬ ಅಧ್ಯಯನ ಇದನ್ನೇ ನೋಡಿತು. ಆಸ್ತಮಾ ಆಗುವ ಸಂಭವ ಇರುವ ಎರಡು ಮೂರು ವರ್ಷದ 285 ಮಕ್ಕಳು, ಎರಡು ವರ್ಷ ಔಷಧಿ. ಕೊಡುತ್ತಿದ್ದಷ್ಟು ದಿನ ತೊಂದರೆ ಕಡಿಮೆ ಇತ್ತು. ನಿಲ್ಲಿಸಿದ ವರ್ಷ ಔಷಧಿ ತಗೊಂಡವರಿಗೂ ತಗೊಳ್ಳದವರಿಗೂ ವ್ಯತ್ಯಾಸವೇ ಇರಲಿಲ್ಲ. ಅಂದರೆ ಕಂಟ್ರೋಲರ್ ಕೊಡುವುದು ಈಗಿನ ರಾತ್ರಿಗಳಿಗಾಗಿ. ಮುಂದಿನ ಆಸ್ತಮಾಗೆ ಅದು ಲಸಿಕೆಯಲ್ಲ.

ಅದು ಸ್ಟಿರಾಯ್ಡ್ ಅಂತೆ. ಇಷ್ಟು ಚಿಕ್ಕ ಮಗುವಿಗೆ?

ಹೌದು, ಸ್ಟಿರಾಯ್ಡೇ. ಮುಚ್ಚಿಡುವುದೇನಿಲ್ಲ. ಆದರೆ ಲೆಕ್ಕ ಹಾಕಿ ನೋಡೋಣ. 14 ಕೆ.ಜಿ. ಹುಡುಗನಿಗೆ ಜೋರಾದಾಗ ಕುಡಿಸುವ ಪ್ರೆಡ್ನಿಸೊಲೋನ್ ಕೆ.ಜಿ.ಗೆ ಒಂದು ಮಿಲಿಗ್ರಾಂ ಅಂತ ಹಿಡಿದರೂ ದಿನಕ್ಕೆ 14 ಮಿ.ಗ್ರಾಂ. ಮೂರು ದಿನಕ್ಕೆ 42. ದಿನಾ ಎಳೆಸುವ ಬುಡೆಸೊನೈಡ್ 200 ಮೈಕ್ರೊಗ್ರಾಂ, ಅಂದರೆ ಮಿಲಿಗ್ರಾಮಿನ ಐದರಲ್ಲಿ ಒಂದು ಭಾಗ. ಮೂರು ದಿನದ ಸಿರಪ್ಪಿನಲ್ಲಿರುವ ತೂಕದಲ್ಲಿ ಏಳು ತಿಂಗಳ ಪಫ್ ಬರುತ್ತದೆ. ಎರಡೂ ಔಷಧಿಯ ಕಸುವು ಒಂದೇ ಅಲ್ಲ, ಎಳೆದುಕೊಂಡದ್ದು ಗ್ರಾಂ ಲೆಕ್ಕದಲ್ಲಿ ಹೆಚ್ಚು ಬಲದ್ದು, ಹಾಗಾಗಿ ಇದು ತಕ್ಕಡಿಯಲ್ಲಿಟ್ಟು ತೂಗಿದ ಹೋಲಿಕೆಯಲ್ಲ. ಆದರೂ ಪಫ್ ನೇರ ಎದೆಗೆ ಹೋಗುತ್ತದೆ. ನುಂಗಿದ್ದರಲ್ಲಿ ಬಹುಪಾಲು ಲಿವರಿನಲ್ಲೇ ಮುಗಿಯುತ್ತದೆ. ವರ್ಷಕ್ಕೆ ಮೂರು ಸಲ ಸಿರಪ್ಪು ಕುಡಿಸಿ, ಪಫ್‌ಗೆ ಹೆದರುವುದು ನನಗೆ ಉಲ್ಟಾ ಲೆಕ್ಕ ಅನಿಸುತ್ತದೆ.

ತೊಂದರೆಯೇ ಇಲ್ಲ ಅನ್ನುವುದಿಲ್ಲ. ಮೇಲೆ ಹೇಳಿದ ಪೀಕ್ ಅಧ್ಯಯನದಲ್ಲಿ ಎರಡು ವರ್ಷಕ್ಕೆ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕಡಿಮೆ ಬೆಳೆದಿತ್ತು. ಬಾಯಲ್ಲಿ ಬಿಳಿ ಪದರ ಕಟ್ಟಬಹುದು, ಅದಕ್ಕೇ ಕೊಟ್ಟ ಮೇಲೆ ಬಾಯಿ ತೊಳೆಸಿ, ಮಾಸ್ಕ್ ತಾಗಿದ ಕೆನ್ನೆ ಒರೆಸಿ ಅನ್ನುವುದು. ಬೇಕಿಲ್ಲದ ಮಗುವಿಗೆ ಕೊಡಬಾರದು, ಬೇಕಾದ ಮಗುವಿಗೂ ಕಡಿಮೆ ಅಳತೆಯಲ್ಲಿ, ಕೊನೆಯ ದಿನ ಗೊತ್ತುಮಾಡಿಕೊಂಡೇ ಕೊಡಬೇಕು ಅನ್ನುವುದೂ ಇದಕ್ಕೇ.

ಕೊನೆಯ ದಿನವಾ? ಶುರು ಮಾಡಿದರೆ ಜೀವನಪೂರ್ತಿ ಅಂತಾರಲ್ಲ?

ಈ ವಯಸ್ಸಿನಲ್ಲಿ ಕಂಟ್ರೋಲರ್ ಅನ್ನುವುದು ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಎರಡು ಮೂರು ತಿಂಗಳು ಕೊಟ್ಟು ನೋಡುತ್ತೇವೆ. ಗುಣ ಕಂಡರೆ ನಿಲ್ಲಿಸಿ ನೋಡುತ್ತೇವೆ. ನಿಲ್ಲಿಸುವುದು ಯಾಕೆಂದರೆ ಈ ಮಕ್ಕಳು ಏನೂ ಕೊಡದಿದ್ದರೂ ಸುಧಾರಿಸುತ್ತಾರೆ. ಔಷಧಿಯಿಂದ ಆಯಿತೋ, ಬೇಸಿಗೆ ಬಂದು ಶೀತ ಕಡಿಮೆಯಾಗಿ ಆಯಿತೋ ನಿಲ್ಲಿಸದೆ ತಿಳಿಯದು.

ಆ ಮದ್ದೂರಿನ ಕಡೆಯ ಹುಡುಗನದೇ ಪೂರ್ತಿ ಹೇಳುತ್ತೇನೆ. ನವೆಂಬರಿನಲ್ಲಿ ಬುಡೆಸೊನೈಡ್ 100 ಮೈಕ್ರೊಗ್ರಾಂ, ಬೆಳಿಗ್ಗೆ ಒಂದು ಪಫ್, ರಾತ್ರಿ ಒಂದು, ಮಾಸ್ಕ್ ಇರುವ ಸ್ಪೇಸರಿನಲ್ಲಿ. ಹಿಂದಿನ ತಿಂಗಳ ಗೀಟು ಒಂಬತ್ತು. ನಾಲ್ಕು ವಾರ ಬಿಟ್ಟು ಬಂದಾಗ ಎಂಟು. ಅಮ್ಮನ ಮುಖ ಸಣ್ಣಗಾಗಿತ್ತು. "ದಿನಾ ತಪ್ಪದೆ ಹಾಕಿದೀನಿ ಸಾರ್."

ಇಂಥ ಹೊತ್ತಲ್ಲಿ ಅಳತೆ ಏರಿಸುವುದು ಸುಲಭ, ಬಹಳ ಕಡೆ ಆಗುವುದೂ ಅದೇ. ನಾನು "ಇಲ್ಲೇ ಒಂದು ಸಲ ಹಾಕಿ ತೋರ್ಸಮ್ಮ" ಅಂದೆ. ಅವರು ಹುಡುಗನನ್ನು ಮಲಗಿಸಿ ಮೊಣಕಾಲಲ್ಲಿ ಒತ್ತಿ ಹಿಡಿದರು. ಅವನು ಕಿರುಚಿ ತಲೆ ತಿರುಗಿಸಿದ. ಮಾಸ್ಕಿಗೂ ಕೆನ್ನೆಗೂ ನಡುವೆ ಎರಡು ಬೆರಳು ಜಾಗ. ಇನ್ಹೇಲರ್ ಕುಲುಕಲಿಲ್ಲ, ಟಕ್ ಟಕ್ ಅಂತ ಎರಡು ಪಫ್ ಒಟ್ಟಿಗೆ ಒತ್ತಿದರು, ಮೂರು ಎಣಿಸುವಷ್ಟರಲ್ಲಿ ತೆಗೆದರು. ಆಮೇಲೆ ಸ್ಪೇಸರನ್ನು ಸೆರಗಿನಿಂದ ಚೆನ್ನಾಗಿ ಉಜ್ಜಿ ಒರೆಸಿದರು. ಕಿರುಚಿ ಅಳುವ ಮಗುವಿನ ಎದೆಗೆ ಔಷಧಿ ಹೋಗುವುದು ಅಷ್ಟಕ್ಕಷ್ಟೇ. ಬಟ್ಟೆಯಲ್ಲಿ ಉಜ್ಜಿದರೆ ಪ್ಲಾಸ್ಟಿಕ್ಕಿಗೆ ವಿದ್ಯುತ್ ಸೆಳೆತ ಬಂದು ಔಷಧಿ ಗೋಡೆಗೇ ಅಂಟುತ್ತದೆ. ತಪ್ಪು ಅವರದಲ್ಲ. ಮೊದಲ ದಿನ ನಾನು ಹಾಕಿ ತೋರಿಸಿದ್ದೆ, ಅವರ ಕೈಲಿ ಹಾಕಿಸಿ ನೋಡಿರಲಿಲ್ಲ.

ಸರಿಮಾಡಿದ್ದು ಹೀಗೆ. ಮೊದಲು ಎರಡು ದಿನ ಬರೀ ಮಾಸ್ಕ್ ಕೊಟ್ಟು ಆಡಲು ಬಿಡುವುದು, ಗೊಂಬೆಗೆ ಹಾಕಿಸುವುದು. ಆಮೇಲೆ ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಅವನ ಬೆನ್ನು ಅಮ್ಮನ ಎದೆಗೆ. ಇನ್ಹೇಲರ್ ಕುಲುಕಿ, ಮಾಸ್ಕ್ ಮೂಗು ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚುವಂತೆ ಹಿಡಿದು, ಒಂದೇ ಪಫ್ ಒತ್ತಿ, ಆರು ಉಸಿರು ಎಣಿಸುವುದು. ಕವಾಟ ಟಿಕ್ ಟಿಕ್ ಅಂತ ಆಡುವುದು ಕಾಣುತ್ತದೆ, ಅದನ್ನೇ ಅವನ ಕೈಲೂ ಎಣಿಸಿದೆ. ಹಲ್ಲುಜ್ಜುವ ಮುಂಚೆ ಹಾಕಿದರೆ ಬಾಯಿ ತೊಳೆಯುವ ಕೆಲಸವೂ ಆಯಿತು. ಸ್ಪೇಸರನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಒರೆಸದೆ ಹಾಗೇ ಒಣಗಲು ಬಿಡುವುದು.

ಮೂರು ತಿಂಗಳ ಲೆಕ್ಕವನ್ನು ಅಲ್ಲಿಂದ ಹೊಸದಾಗಿ ಶುರು ಮಾಡಿದೆವು, ಡಿಸೆಂಬರ್ ಮಧ್ಯದಿಂದ. ಅಳತೆ ಅದೇ. ಜನವರಿ ಮಧ್ಯಕ್ಕೆ ಗೀಟು ಮೂರು. ಫೆಬ್ರುವರಿಗೆ ಒಂದು. ನಡುವೆ ಒಂದು ಶೀತ ಬಂತು, ಒಂದು ದಿನ ಸಾಲ್ಬುಟಮಾಲಿನಲ್ಲೇ ಮುಗಿಯಿತು. ಮಾರ್ಚ್ ಕೊನೆಗೆ ನಿಲ್ಲಿಸಿದೆವು. ಬೇಸಿಗೆಯಲ್ಲಿ ನಿಲ್ಲಿಸುವುದು ಬೇಕೆಂದೇ. ಮಳೆಗಾಲದ ಬಾಗಿಲಲ್ಲಿ ನಿಲ್ಲಿಸಿದರೆ ಬರುವ ಶೀತಗಳ ಗಲಾಟೆಯಲ್ಲಿ ಏನೂ ತಿಳಿಯುವುದಿಲ್ಲ.

ಏಪ್ರಿಲ್ ಕೊನೆಯ ವಾರ ಗೀಟುಗಳು ವಾಪಸ್ ಬಂದವು. ನೆಗಡಿ ಇಲ್ಲ, ಓಡಿದರೆ ಕೆಮ್ಮು, ರಾತ್ರಿ ಎದ್ದೇಳುವುದು. ಮತ್ತೆ ಶುರು ಮಾಡಿದೆವು, ಮೂರು ವಾರದಲ್ಲಿ ಶಾಂತ. ಕೊಟ್ಟರೆ ಹೋಗುತ್ತದೆ, ನಿಲ್ಲಿಸಿದರೆ ಬರುತ್ತದೆ, ಮತ್ತೆ ಕೊಟ್ಟರೆ ಹೋಗುತ್ತದೆ. ಆ ದಿನ ಅವನ ಚೀಟಿಯಲ್ಲಿ ಆಸ್ತಮಾ ಅಂತ ಬರೆದೆ. ಅದಕ್ಕೂ ಮುಂಚೆ ಬರೆದಿರಲಿಲ್ಲ. ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದೇವೆ, ಬರುವ ಬೇಸಿಗೆಯಲ್ಲಿ ಮತ್ತೆ ನಿಲ್ಲಿಸಿ ನೋಡುತ್ತೇವೆ.

ಮೂರು ತಿಂಗಳು ಸರಿಯಾಗಿ ಹಾಕಿಯೂ ಗುಣ ಕಾಣದಿದ್ದರೆ?

ನಿಲ್ಲಿಸಬೇಕು. ಇದನ್ನು ಒತ್ತಿ ಹೇಳುತ್ತೇನೆ. ಕೈಚಳಕ ಸರಿಯಿದೆ, ಇನ್ಹೇಲರ್ ಖಾಲಿಯಾಗಿಲ್ಲ, ಮನೆಯಲ್ಲಿ ಹೊಗೆ ಇಲ್ಲ, ಆದರೂ ಬದಲಾವಣೆ ಇಲ್ಲ ಅಂದರೆ ಅದು ಆಸ್ತಮಾ ಅಲ್ಲದಿರಬಹುದು. ಅಳತೆ ಎರಡರಷ್ಟು ಮಾಡುವ ಮುಂಚೆ ಮೇಲೆ ಹೇಳಿದ ಬೇರೆ ಕಾರಣಗಳನ್ನು ಮತ್ತೆ ನೋಡಬೇಕು.

ಖಾಲಿ ಆಗಿದೆಯಾ ಅಂತ ನೀರಲ್ಲಿ ತೇಲಿಸಿ ನೋಡಬೇಡಿ, ಗ್ಯಾಸ್ ಉಳಿದಿದ್ದರೆ ಔಷಧಿ ಮುಗಿದ ಮೇಲೂ ತೇಲುತ್ತದೆ. 200 ಪಫ್ ಇರುವುದಾದರೆ ದಿನಕ್ಕೆ ಎರಡರಂತೆ 100 ದಿನ. ಶುರು ಮಾಡಿದ ತಾರೀಖನ್ನು ಡಬ್ಬಿಯ ಮೇಲೇ ಬರೆದುಬಿಡಿ.

ಪಫ್ ಬದಲು ಸಿರಪ್ಪಿನಲ್ಲಿ ಆಗುವುದಿಲ್ವಾ?

ಸಾಲ್ಬುಟಮಾಲ್ ಸಿರಪ್ಪು ಇಡೀ ಮೈಗೆ ಹೋಗಿ ಎದೆಗೆ ಸ್ವಲ್ಪ ಮುಟ್ಟುತ್ತದೆ. ಕೈ ನಡುಗುತ್ತದೆ, ಎದೆ ಬಡಿತ ಏರುತ್ತದೆ, ಮಗು ರಾತ್ರಿಯಿಡೀ ಮಲಗುವುದಿಲ್ಲ. ಪಫ್ ಇರುವಾಗ ಅದು ಬೇಡ.

ಮಾಂಟೆಲುಕಾಸ್ಟ್ ಅನ್ನುವುದನ್ನು ನೆಗಡಿ ಔಷಧಿ ಜೊತೆ ಸೇರಿಸಿ ಬರೆಯುವುದು ಎಲ್ಲ ಕಡೆ ರೂಢಿಯಾಗಿದೆ. ಶೀತ ಬಂದಾಗ ಮಾತ್ರ ಕೊಟ್ಟು ನೋಡಿದ ಅಧ್ಯಯನದಲ್ಲಿ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಕೆಲವು ಮಕ್ಕಳಲ್ಲಿ ಕೆಟ್ಟ ಕನಸು, ಸಿಡುಕು, ನಡವಳಿಕೆ ಬದಲಾಗುವುದು ಕಂಡು ಅಮೆರಿಕದ ಔಷಧಿ ಇಲಾಖೆ 2020ರಲ್ಲಿ ಅದಕ್ಕೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ನಾನು ಅದನ್ನು ಮೊದಲ ಆಯ್ಕೆಯಾಗಿ ಬರೆಯುವುದಿಲ್ಲ. ನಿಮ್ಮ ಮಗು ತಗೊಳ್ಳುತ್ತಿದ್ದು, ಇತ್ತೀಚೆಗೆ ರಾತ್ರಿ ಕಿರುಚಿ ಏಳುತ್ತಿದ್ದರೆ ಡಾಕ್ಟರಿಗೆ ಹೇಳಿ.

ಸ್ಟಿರಾಯ್ಡ್ ಸಿರಪ್ಪನ್ನು ಮನೆಯಲ್ಲಿಟ್ಟುಕೊಂಡು ಸದ್ದು ಬಂದಾಗಲೆಲ್ಲ ಕುಡಿಸುವುದು ಬೇಡವೇ ಬೇಡ. ಆ್ಯಂಟಿಬಯಾಟಿಕ್ಕೂ ವೈರಸ್ಸಿಗೆ ಕೆಲಸ ಮಾಡುವುದಿಲ್ಲ. ಗ್ಯಾಸ್ ಇಡುವ ಮೆಷಿನ್ ಮನೆಗೆ ತರಬೇಕಾ ಅಂದರೆ, ಸಣ್ಣಪುಟ್ಟದಕ್ಕೆ ಸ್ಪೇಸರೂ ಅಷ್ಟೇ ಕೆಲಸ ಮಾಡುತ್ತದೆ, ಕರೆಂಟೂ ಬೇಡ.

ರಾತ್ರಿ ಜಾಸ್ತಿಯಾದರೆ ಏನು ಮಾಡಲಿ?

ಸಾಲ್ಬುಟಮಾಲ್ 100 ಮೈಕ್ರೊಗ್ರಾಂ ಇನ್ಹೇಲರಿನಲ್ಲಿ ಎರಡು ಪಫ್, ಒಂದಾದ ಮೇಲೆ ಒಂದು, ಪ್ರತಿಯೊಂದಕ್ಕೂ ಆರು ಉಸಿರು. ಇಪ್ಪತ್ತು ನಿಮಿಷ ನೋಡಿ. ಹಾಗೇ ಇದ್ದರೆ ಇನ್ನೆರಡು, ಮತ್ತೆ ಇಪ್ಪತ್ತು ನಿಮಿಷಕ್ಕೆ ಇನ್ನೆರಡು. ಒಟ್ಟು ಆರು ಪಫ್ ಆಗಿಯೂ ಇಳಿಯದಿದ್ದರೆ, ಅಥವಾ ಇಳಿದು ಮೂರು ನಾಲ್ಕು ಗಂಟೆಯೊಳಗೆ ಮತ್ತೆ ಬೇಕಾದರೆ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ.

ಪಫ್ ಎಣಿಸುತ್ತಾ ಕೂರದೆ ನೇರ ಹೊರಡಬೇಕಾದದ್ದೂ ಇದೆ. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಮಾತಾಡಲು ಅಥವಾ ನೀರು ಕುಡಿಯಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಮಗು ಮಂಕಾಗಿ ತೂಕಡಿಸುತ್ತಿದ್ದರೆ. ಜೋರಾಗಿದ್ದ ಸದ್ದು ನಿಂತು ಮಗು ಸುಸ್ತಾಗಿದ್ದರೆ ಅದು ಕಡಿಮೆಯಾಗಿದ್ದಲ್ಲ, ಗಾಳಿಯೇ ಆಡುತ್ತಿಲ್ಲ ಅಂತ. 108ಕ್ಕೆ ಫೋನ್ ಮಾಡಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಚೆಲುವಾಂಬ, ಯಾವುದು ಹತ್ತಿರವೋ ಅಲ್ಲಿಗೆ. ದಾರಿಯಲ್ಲೂ ಪಫ್ ಕೊಡುತ್ತಿರಿ.

ಬಾಳೆಹಣ್ಣು, ಮೊಸರು ನಿಲ್ಲಿಸಬೇಕಾ?

ಬೇಡ. ತಿಂದಾಗಲೆಲ್ಲ ಮೈ ದದ್ದು ಬರುವುದೋ ವಾಂತಿಯೋ ಆಗದಿದ್ದರೆ ಕೊಡಿ. ಬಾಳೆಹಣ್ಣು ಬಿಡಿಸುವ ಅಜ್ಜಿಯೇ ಸ್ನಾನ ಆದ ಮೇಲೆ ಮಗುವನ್ನು ಸಾಂಬ್ರಾಣಿ ಹೊಗೆಯ ಮೇಲೆ ಹಿಡಿದಿರುತ್ತಾರೆ. ನಿಲ್ಲಿಸಬೇಕಾದದ್ದು ಅದು. "ನಿಮ್ಮಪ್ಪನ್ನೂ ಹಿಂಗೇ ಸಾಕಿದ್ದು ಕಣಪ್ಪ" ಅಂತ ಅವರು ಗದರುತ್ತಾರೆ, ನಾನು ತಲೆ ಆಡಿಸಿ ಮತ್ತೆ ಅದನ್ನೇ ಹೇಳುತ್ತೇನೆ. ಸೊಳ್ಳೆಬತ್ತಿ ಬದಲು ಪರದೆ ಕಟ್ಟಿ. ಬಚ್ಚಲ ಹಂಡೆ ಒಲೆಗೆ ಉರಿ ಹಾಕುವಾಗ ಮಗು ಅಲ್ಲಿರದಿರಲಿ. ಬೀಡಿ ಸಿಗರೇಟು ಹೊರಗೆ ಸೇದಿ ಬಂದರೂ ಹೊಗೆ ಅಂಗಿಯಲ್ಲಿ ಒಳಗೆ ಬರುತ್ತದೆ. ಪಕ್ಕದಲ್ಲಿ ಆಲೆಮನೆ ಇದ್ದರೆ, ಗದ್ದೆಯಲ್ಲಿ ಕಬ್ಬಿನ ತರಗು ಸುಡುತ್ತಿದ್ದರೆ ಅದು ನಿಮ್ಮ ಕೈಲಿಲ್ಲ. ಆ ದಿನ ಕಿಟಕಿ ಹಾಕಿ, ಕ್ಯಾಲೆಂಡರಿನಲ್ಲಿ ಅದನ್ನೂ ಗುರುತು ಮಾಡಿ. ಹೊಗೆಯ ಮಾರನೇ ರಾತ್ರಿಯೇ ಗೀಟು ಬೀಳುತ್ತಿದ್ದರೆ ನನಗೆ ಅದು ಬೇಕಾದ ಮಾಹಿತಿ.

ಮುಂದಿನ ಸಲ ಬರುವಾಗ ಏನು ತರಲಿ?

ಕ್ಯಾಲೆಂಡರ್, ವಿಡಿಯೊ ಇರುವ ಫೋನು, ಹಾಕುತ್ತಿರುವ ಇನ್ಹೇಲರ್, ಸ್ಪೇಸರ್. ಮನೆಯಲ್ಲಿ ದಿನಾ ಪಫ್ ಹಾಕುವವರು ಅಜ್ಜಿಯಾಗಿದ್ದರೆ ಅಜ್ಜಿಯನ್ನೂ ಕರೆದುಕೊಂಡು ಬನ್ನಿ, ನನ್ನೆದುರಿಗೆ ಒಂದು ಸಲ ಹಾಕಿ ತೋರಿಸಲಿ.